‘ಫಾಲೋ ಅಪ್’ ಎಂದು ಬರೆದರೆ ಸಾಲದು: ಕ್ಲೇಮ್ ಫೈಲಿನ ನೋಟ್, ಡೈರಿ ಬರೆಯುವುದು ಹೇಗೆ?

“ಪಾರ್ಟಿ ಜೊತೆ ಮಾತಾಡಿದೆ. ಕೊಬ್ಬರಿ ತಾನಾಗೇ ಹೊತ್ತಿಕೊಂಡಿದೆ. ಫಾಲೋ ಅಪ್.”

ತಿಪಟೂರಿನ ಒಂದು ಕೊಬ್ಬರಿ ಗೋದಾಮಿಗೆ ಬೆಂಕಿ ಬಿದ್ದಿತ್ತು. ನಷ್ಟ ಅಂದಾಜು ಮಾಡುವ ಸರ್ವೇಯರ್ ಜೊತೆ ಹೋಗಿ ಬಂದ ನಮ್ಮ ಹೊಸ ಹುಡುಗ ಫೈಲಿನಲ್ಲಿ ಬರೆದಿದ್ದು ಇಷ್ಟೇ. ಆಗ ನಾನು ತುಮಕೂರಿನ ವಿಮೆ ಕಚೇರಿಯೊಂದರಲ್ಲಿ ಕ್ಲೇಮ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಈ ನೋಟ್ ಓದಿದ ಮೇಲೆಯೇ ‘ನೋಟ್ ಹೀಗೆ ಬರೆಯಬೇಕು’ ಎಂದು ಎಲ್ಲರಿಗೂ ಒಂದು ಪುಟದ ಆಂತರಿಕ ಸೂಚನೆ ಹೊರಡಿಸಿದ್ದು.

ನಡುವಿನ ವಾಕ್ಯವನ್ನು ನೋಡಿ. ಆಗಿನ ಸಾಮಾನ್ಯ ಬೆಂಕಿ ಪಾಲಿಸಿಯಲ್ಲಿ, ಸರಕು ತನ್ನದೇ ಕಾವಿನಿಂದ ಹೊತ್ತಿಕೊಂಡು ಹಾಳಾದರೆ ಅದಕ್ಕೆ ಪರಿಹಾರವಿರಲಿಲ್ಲ. ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಿ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿರಬೇಕಿತ್ತು. ವೈರಿಂಗ್ ಕೆಟ್ಟು ಬೆಂಕಿ ಹತ್ತಿದ್ದರೆ ಮಾತೇ ಬೇರೆ. ಅಂದರೆ ಹುಡುಗ ಆ ಒಂದು ಸಾಲಿನಲ್ಲಿ ಇಡೀ ಕ್ಲೇಮನ್ನೇ ತಳ್ಳಿಹಾಕಿದ್ದ. ಯಾರು ಹೇಳಿದರಪ್ಪ ಎಂದು ಕೇಳಿದರೆ, “ಪಕ್ಕದ ಅಂಗಡಿಯವರು ಹೇಳಿದ್ರು ಸಾರ್” ಅಂದ!

ಹಾಗಾಗಿ ಸೂಚನೆಯ ಮೊದಲ ಹೆಜ್ಜೆ ಇದು: ಕಂಡದ್ದು, ಕೇಳಿದ್ದು, ಅನಿಸಿದ್ದು – ಮೂರನ್ನೂ ಬೇರೆ ಬೇರೆಯಾಗಿ ಬರೆಯಿರಿ. ಅದೇ ನೋಟ್ ಅನ್ನು ಅವನ ಕೈಯಲ್ಲೇ ಮತ್ತೆ ಬರೆಸಿದೆವು.

“ಕಂಡದ್ದು: ಸ್ವಿಚ್ ಬೋರ್ಡಿನ ಕೆಳಗಿನಿಂದ ಮಸಿ ಮೇಲಕ್ಕೆ ಅಗಲವಾಗಿ ಹರಡಿದೆ. ಬೋರ್ಡಿನ ತಾಮ್ರದ ತಂತಿ ಕರಗಿ ಗುಂಡಾಗಿದೆ. ಆ ಗೋಡೆ ಕಡೆಯ ಮೂಟೆಗಳು ಹೊರಗಿನಿಂದ ಸುಟ್ಟಿವೆ. ಮೂರು ಮೂಟೆ ಬಿಚ್ಚಿಸಿದಾಗ ಒಳಗಿನ ಕೊಬ್ಬರಿ ಸುಟ್ಟಿರಲಿಲ್ಲ. ಫೋಟೊ 4ರಿಂದ 11. ಕೇಳಿದ್ದು: ‘ಕೊಬ್ಬರಿ ಹಸಿ ಇತ್ತು, ತಾನೇ ಹೊತ್ತಿಕೊಂಡಿರಬೇಕು’ ಎಂದು ಪಕ್ಕದ ಅಂಗಡಿಯವರು ಹೇಳಿದರು. ಬೆಂಕಿ ಶುರುವಾದಾಗ ಅವರು ಅಲ್ಲಿರಲಿಲ್ಲ. ಅನಿಸಿದ್ದು: ವೈರಿಂಗ್ ಕಾರಣ ಇರಬಹುದು. ಸರ್ವೇಯರ್ ವರದಿ ಬರುವವರೆಗೆ ತೀರ್ಮಾನ ಇಲ್ಲ.”

ರಾಶಿ ತನ್ನ ಕಾವಿಗೇ ಹೊತ್ತಿಕೊಂಡರೆ ಸಾಮಾನ್ಯವಾಗಿ ಒಳಗಿನಿಂದ ಹೊರಗೆ ಸುಡುತ್ತದೆ. ಇಲ್ಲಿ ಹೊರಗಿನಿಂದ ಒಳಗೆ. ಕರಗಿದ ತಂತಿಯೊಂದನ್ನೇ ನಂಬುವಂತಿಲ್ಲ, ಬೇರೆ ಕಡೆಯಿಂದ ಬಂದ ಬೆಂಕಿಗೂ ತಂತಿ ಕರಗುತ್ತದೆ. ಅದಕ್ಕೇ ‘ಇರಬಹುದು’ ಎಂದು ನಿಲ್ಲಿಸಿದ್ದು. ಮೂಟೆ ಬಿಚ್ಚಿಸಿ ನೋಡಿದ ಸಂಗತಿ ಹುಡುಗನ ತಲೆಯಲ್ಲಿತ್ತು, ಫೈಲಿನಲ್ಲಿ ಮಾತ್ರ ಇರಲಿಲ್ಲ ನೋಡಿ. ಗೋದಾಮು ಗುಡಿಸಿ ಬಿಟ್ಟಮೇಲೆ ಅದನ್ನು ಎಲ್ಲಿಂದ ತರೋದು?

ಎರಡನೆಯ ಹೆಜ್ಜೆ ಮಾತುಕತೆಯದು. ಯಾರ ಜೊತೆ, ಯಾವ ದಿನ, ಎಷ್ಟು ಹೊತ್ತಿಗೆ, ಫೋನಿನಲ್ಲೋ ಎದುರಿಗೋ, ಅವರು ಏನು ಹೇಳಿದರು, ನಾವು ಏನು ಕೇಳಿದೆವು. ಇಷ್ಟಿದ್ದರೆ ಸಾಕು. ‘ಪಾರ್ಟಿ ಜಗಳಗಂಟ’ ಅನ್ನೋ ಥರದ ಮಾತು ಬೇಡವೇ ಬೇಡ. ಸರ್ಕಾರಿ ವಿಮಾ ಕಂಪನಿಯಾದರೆ ಮಾಹಿತಿ ಹಕ್ಕಿನಡಿ ಫೈಲ್ ನೋಟ್‌ನ ಪ್ರತಿ ಕೇಳಬಹುದು. ಗ್ರಾಹಕರ ಆಯೋಗಕ್ಕೆ ದೂರು ಹೋದರೆ ಅಲ್ಲೂ ಫೈಲ್ ತೆರೆಯಬೇಕಾಗಬಹುದು. ಪಾರ್ಟಿಯೇ ಎದುರಿಗೆ ಕೂತು ಓದುತ್ತಿದ್ದಾರೆ ಅಂದುಕೊಂಡು ಬರೆಯಿರಿ.

ಇನ್ನು ಡೈರಿ. ನೋಟ್ ಆಗಿಹೋದದ್ದರ ಲೆಕ್ಕವಾದರೆ, ಡೈರಿ ಮುಂದೆ ಆಗಬೇಕಾದದ್ದರ ಲೆಕ್ಕ. ‘ಫಾಲೋ ಅಪ್’ ಅಂದರೆ ಏನೂ ಹೇಳಿದಂತಾಗಲಿಲ್ಲ. ಏನು ಬರಬೇಕು, ಯಾರಿಂದ, ಯಾವ ದಿನಕ್ಕೆ, ಬಾರದಿದ್ದರೆ ಏನು ಮಾಡುವುದು – ನಾಲ್ಕೂ ಇರಬೇಕು. ಈ ಫೈಲಿನಲ್ಲಿ ಹೀಗೆ ಬರೆಸಿದೆವು: “ಸ್ಟಾಕ್ ರಿಜಿಸ್ಟರ್ ಮತ್ತು ಮೂರು ತಿಂಗಳ ಖರೀದಿ ಬಿಲ್ಲು, ಮಾಲೀಕರಿಂದ, 14ರೊಳಗೆ. ಬಾರದಿದ್ದರೆ 15ರಂದು ಫೋನ್, ಅಂದೇ ಪತ್ರ. ಅಗ್ನಿಶಾಮಕ ಠಾಣೆಯ ವರದಿಗೆ ಮಾಲೀಕರು ಅರ್ಜಿ ಕೊಟ್ಟಿದ್ದಾರೆಯೇ, 14ರಂದೇ ಕೇಳುವುದು.” ಇಷ್ಟಿದ್ದರೆ ಹುಡುಗ ರಜೆ ಹಾಕಿದರೂ ಪಕ್ಕದ ಮೇಜಿನವರು ಕೆಲಸ ಮುಂದುವರಿಸಬಹುದು, ಅಲ್ವಾ?

ಡೈರಿಯ ದಿನ ಬಂದಾಗ ಸುಮ್ನೆ ತಾರೀಕು ಮುಂದೆ ಹಾಕುವುದು ನಮ್ಮಲ್ಲಿ ಜಾಸ್ತಿ ಕಂಡ ಚಾಳಿ. ಅದಕ್ಕೆ ಒಂದು ಕಟ್ಟು ಹಾಕಿದೆವು. ಮುಂದೆ ಹಾಕಬೇಕಾದರೆ ಕಾರಣ ಬರೆಯಬೇಕು. ಒಂದೇ ಕೆಲಸವನ್ನು ಎರಡನೇ ಸಲ ಮುಂದೆ ಹಾಕಿದರೆ ಫೈಲ್ ನನ್ನ ಮೇಜಿಗೆ ಬರಬೇಕು. ಮೊದಲ ವಾರ ಮೇಜು ತುಂಬಿಹೋಯಿತು.

ಕೊನೆಯದು ತಪ್ಪಿನ ವಿಚಾರ. ಹಳೆಯ ನೋಟ್ ಅಳಿಸಬೇಡಿ, ಮೇಲೆ ತಿದ್ದಬೇಡಿ, ಹಿಂದಿನ ತಾರೀಕು ಹಾಕಿ ಹೊಸದನ್ನು ತುರುಕಬೇಡಿ. ಇವತ್ತಿನ ತಾರೀಕಿನಲ್ಲೇ ಹೊಸ ನೋಟ್ ಬರೆಯಿರಿ. ನಮ್ಮ ಹುಡುಗನ ಆ ಮೂರು ವಾಕ್ಯ ಫೈಲಿನಲ್ಲಿ ಹಾಗೇ ಉಳಿಯಿತು. ಹೊಸ ನೋಟಿನ ತಲೆಯ ಮೇಲೆ ಅವನೇ ಬರೆದ: “ನಿನ್ನೆಯ ನೋಟಿನಲ್ಲಿ ಬೆಂಕಿಯ ಕಾರಣದ ಬಗ್ಗೆ ಬರೆದದ್ದು ಪಕ್ಕದ ಅಂಗಡಿಯವರ ಮಾತು. ನಾನು ಕಂಡದ್ದಲ್ಲ. ಸ್ಥಳದಲ್ಲಿ ಕಂಡದ್ದು ಈ ಕೆಳಗಿದೆ.”