ಚನ್ನಪಟ್ಟಣದ ಬೊಂಬೆಗೆ ಯಾವ ಕೊರಿಯರ್? ನನ್ನ ಅನುಭವ

"ಎಲ್ಲಾ ಪಾರ್ಸೆಲ್ಲೂ ಒಬ್ಬನಿಗೇ ಕೊಡು, ರೇಟ್ ಇಳಿಸ್ತಾನೆ" ಅಂತ ನಮ್ಮ ಬೊಂಬೆ ವ್ಯಾಪಾರದ ಗೆಳೆಯರೆಲ್ಲ ಹೇಳುತ್ತಿದ್ದರು. ತಿಂಗಳಿಗೆ ಇನ್ನೂರು ಚಿಲ್ಲರೆ ಪಾರ್ಸೆಲ್ ಕಳಿಸುವವನು ಮೂರು ಕಡೆ ಹಂಚಿದರೆ ಯಾರೂ ಮೂಸಿ ನೋಡಲ್ಲ ಅನ್ನೋದು ಅವರ ವಾದ. ನಾನು ಹಂಚಿದೆ. ಪಾರ್ಸೆಲ್‌ಗೆ ಸರಾಸರಿ 130 ರೂಪಾಯಿ ಹತ್ತಿರ ಬೀಳುತ್ತಿದ್ದ ಖರ್ಚು ಈಗ 95ರ ಆಸುಪಾಸಿನಲ್ಲಿದೆ. ಆಗ ಬೇಡ ಅಂದವರೇ ಈಗ ನನ್ನ ಲೆಕ್ಕದ ಶೀಟ್ ಕೇಳುತ್ತಿದ್ದಾರೆ.

ಮೊದಲು ಹೊಡೆತ ಕೊಟ್ಟದ್ದು ತೂಕ. ಆಲೆಮರದ ಬೊಂಬೆ ಹಗುರ, ಆದರೆ ಜಾಗ ಜಾಸ್ತಿ ತಿನ್ನುತ್ತದೆ. ಚಕ್ರದ ಕುದುರೆಯ ಡಬ್ಬ 30 × 25 × 20 ಸೆಂ.ಮೀ. ಇತ್ತು. ತಕ್ಕಡಿಯಲ್ಲಿ 1.1 ಕೆ.ಜಿ. ಆದರೆ ಕೊರಿಯರ್‌ನವರು ಡಬ್ಬ ತಿನ್ನುವ ಜಾಗಕ್ಕೂ ಲೆಕ್ಕ ಹಾಕುತ್ತಾರೆ: ಮೂರೂ ಅಳತೆ ಗುಣಿಸಿ ಬಂದ 15,000ವನ್ನು 5000ದಿಂದ ಭಾಗಿಸಿದರೆ ವಾಲ್ಯೂಮೆಟ್ರಿಕ್ ತೂಕ 3 ಕೆ.ಜಿ. ಬಿಲ್ ಬರುವುದು ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ. ಕೊರಿಯರ್ ಬದಲಾಯಿಸಿ ನೋಡಿದೆ, ಪ್ರಯೋಜನ ಆಗಲಿಲ್ಲ. ಕೊನೆಗೆ ಕುದುರೆಯ ಗಾಲಿ, ಅಚ್ಚು ಬಿಚ್ಚಿ ಪಕ್ಕಕ್ಕೆ ಮಲಗಿಸಿದೆ. ಡಬ್ಬ 25 × 18 × 12ಕ್ಕೆ ಇಳಿಯಿತು, ಅಂದರೆ ಅದೇ ಲೆಕ್ಕದಲ್ಲಿ 1.08 ಕೆ.ಜಿ. ಈಗ ನಿಜ ತೂಕಕ್ಕೇ ಬಿಲ್, ಒಂದೂವರೆ ಕೆ.ಜಿ. ಸ್ಲ್ಯಾಬ್. ಗಿರಾಕಿ ಗಾಲಿ ಹಾಕಿಕೊಳ್ಳಲು ಎರಡು ನಿಮಿಷ ಸಾಕು. ಅಚ್ಚು ಸಡಿಲ ಆಗದ ಹಾಗೆ ಹೇಗೆ ಕೂರಿಸುತ್ತೇನೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಕೊರಿಯರ್‌ನವರು ತೂಕ ಹೆಚ್ಚು ತೋರಿಸಿ ಬಿಲ್ ಮಾಡಿದಾಗ ಏಳುವ ತಕರಾರಿಗೂ ಒಂದು ದಾರಿ ಮಾಡಿಕೊಂಡೆ. ಪ್ರತಿ ಸೈಜಿನ ಡಬ್ಬವನ್ನು ತಕ್ಕಡಿ ಮೇಲಿಟ್ಟು, ಟೇಪ್ ಹಿಡಿದು, ಲೇಬಲ್ ಕಾಣುವಂತೆ ಫೋಟೊ ತೆಗೆದಿಡುತ್ತೇನೆ. ಹಲವು ಕೊರಿಯರ್‌ಗಳನ್ನು ಒಂದೇ ಕಡೆ ಬುಕ್ ಮಾಡಿಸುವ ಅಗ್ರಿಗೇಟರ್‌ಗಳು ತಕರಾರು ಎತ್ತಲು ಕೆಲವೇ ದಿನ ಕೊಡುತ್ತಾರೆ. ಆಮೇಲೆ ಫೋಟೊ ಇದ್ದರೂ ಸುಮ್ನೆ. ಅದಕ್ಕೇ ವಾರಕ್ಕೆ ಎರಡು ಸಲ ಅವರು ಹಾಕಿದ ತೂಕದ ಪಟ್ಟಿ ತೆರೆದು ನೋಡಲೇಬೇಕು.

ಇನ್ನು ಊರು. ಬೆಂಗಳೂರು, ಚೆನ್ನೈ, ಮುಂಬೈ ಥರದ ಕಡೆಗೆ ಖಾಸಗಿಯವರ ಸರ್ಫೇಸ್, ಅಂದರೆ ವಿಮಾನ ಬಿಟ್ಟು ನೆಲದ ಮೇಲೆ ಸಾಗಿಸುವ ಸೇವೆಯೇ ನನಗೆ ಅಗ್ಗ. ಈಶಾನ್ಯ ಮತ್ತು ಕಾಶ್ಮೀರವನ್ನು ಅವರಲ್ಲಿ ಬಹುತೇಕರು ಬೇರೆ ದುಬಾರಿ ವಲಯದಲ್ಲಿ ಇಡುತ್ತಾರೆ. ಕೆಲವು ಹಳ್ಳಿ ಪಿನ್‌ಗಳಿಗೆ ಸೇವೆಯೇ ಇಲ್ಲ, ಇಲ್ಲವೇ ಮೇಲೆ ಚಾರ್ಜು. ಅಲ್ಲಿಗೆ ಮುಂಗಡ ಹಣ ಬಂದ ಆರ್ಡರ್‌ಗಳೆಲ್ಲ ಸ್ಪೀಡ್ ಪೋಸ್ಟ್. ಅದರ ದರ ತೂಕ ಮತ್ತು ದೂರದ ಮೇಲೆ, ಹಳ್ಳಿ ಅಂತ ಪ್ರತ್ಯೇಕ ಹೊರೆ ಇಲ್ಲ. ಮಲೆನಾಡಿನ ಒಂಟಿ ಮನೆಗಳ ದಾರಿ ಅಂಚೆಯವರಿಗೇ ಚೆನ್ನಾಗಿ ಗೊತ್ತು, ಅಲ್ವಾ? ಬಸ್ಸಿನ ಪಾರ್ಸೆಲ್ಲಲ್ಲೂ ಹುಬ್ಬಳ್ಳಿ, ಮಂಗಳೂರಿಗೆ ಕಳಿಸಿ ನೋಡಿದೆ. ಅಂಗಡಿಯವರಿಗೆ ಸರಿ ಹೋಯಿತು. ಮನೆಯವರು ಬಸ್ ಸ್ಟ್ಯಾಂಡಿಗೆ ಬರಲು ಒಪ್ಪಲಿಲ್ಲ.

ದುಡ್ಡು ನಿಜವಾಗಿ ಸೋರುತ್ತಿದ್ದದ್ದು ಸಿಒಡಿ, ಅಂದರೆ ಪಾರ್ಸೆಲ್ ಕೈಗೆ ಬಂದಾಗ ಹಣ ಕೊಡುವ ಆರ್ಡರ್‌ಗಳ ವಾಪಸಾತಿಯಲ್ಲಿ. ನನ್ನ ಶೀಟಿನ ಅಂದಾಜು ಹೀಗಿದೆ. ಒಬ್ಬ ಕೊರಿಯರ್‌ನವನು ಹೋಗುವುದಕ್ಕೆ 70, ವಾಪಸಿಗೆ 70. ಹತ್ತರಲ್ಲಿ ಎರಡು ವಾಪಸ್ ಬರುತ್ತಿದ್ದವು. ಒಟ್ಟು 840, ವಾಪಸ್ ಬಂದ ಎರಡು ಡಬ್ಬದ ಪ್ಯಾಕಿಂಗಿಗೆ 60. ತಲುಪಿದ ಎಂಟಕ್ಕೆ ಹಂಚಿದರೆ ಒಂದಕ್ಕೆ 112.50. ಇನ್ನೊಬ್ಬ ಹೋಗುವುದಕ್ಕೇ 92 ಕೇಳುತ್ತಾನೆ, ವಾಪಸಿಗೆ 50. ಅವನಲ್ಲಿ ಹತ್ತಕ್ಕೆ ಒಂದು ವಾಪಸ್. ಪ್ಯಾಕಿಂಗಿನ 30 ಸೇರಿ 1000, ತಲುಪಿದ್ದು ಒಂಬತ್ತು, ಒಂದಕ್ಕೆ 111. ರೇಟ್ ಕಾರ್ಡಿನಲ್ಲಿ ಕಂಡ 22 ರೂಪಾಯಿ ಉಳಿತಾಯ ಪೂರ್ತಿ ಮಾಯ. ವಾಪಸ್ ಬಂದ ಬೊಂಬೆಯ ಬಣ್ಣ ಉಜ್ಜಿಹೋಗಿದ್ದರೆ ಅಗ್ಗದವನೇ ದುಬಾರಿ.

ವಾಪಸಾತಿಯ ತಪ್ಪು ಗಿರಾಕಿಯದೋ ಡೆಲಿವರಿಯವರದೋ ಅಂತ ತಿಳಿಯಲು ಎನ್‌ಡಿಆರ್, ಅಂದರೆ ಪಾರ್ಸೆಲ್ ತಲುಪಲಿಲ್ಲ ಅನ್ನೋ ವರದಿ, ಬಂದ ಸಮಯ ನೋಡಿ. ರಾತ್ರಿ ಒಂಬತ್ತರ ಮೇಲೆ ಒಂದೇ ಹಬ್‌ನಿಂದ ಸಾಲಾಗಿ "ಗ್ರಾಹಕರು ಸಿಗಲಿಲ್ಲ" ಅಂತ ಬಂದರೆ ಹುಡುಗ ಮನೆಗೆ ಹೋಗಿಲ್ಲ ಅನ್ನೋ ಅನುಮಾನ ನನಗೆ. ಗಿರಾಕಿಗೆ ಫೋನ್ ಮಾಡುತ್ತೇನೆ. ಕರೆಯೇ ಬಂದಿಲ್ಲ ಅಂದರೆ ಅವತ್ತೇ ಮರುಪ್ರಯತ್ನ ಹಾಕಿ, ಆ ಪಿನ್ ಎದುರು ಕೊರಿಯರ್ ಹೆಸರಿಗೆ ಕೆಂಪು ಗುರುತು. ಮೂರು ಕೆಂಪಾದರೆ ಆ ಪಿನ್‌ಗೆ ಅವನು ಬಂದ್. ಸಿಒಡಿ ಆರ್ಡರ್ ಖಚಿತಪಡಿಸಲು ನಾನು ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ವಿಮೆ ವಿಷಯ. ನನಗೆ ಸಿಕ್ಕ ದರ ಬಿಲ್ಲಿನ ಶೇ. 2ರ ಹತ್ತಿರ. 1800ರ ಸೆಟ್ಟಿಗೆ 36 ರೂಪಾಯಿ. ಆದರೆ ಷರತ್ತು ಓದಿದರೆ ಕಳೆದುಹೋದದ್ದಕ್ಕೆ ಹಣ, ಒಡೆದದ್ದಕ್ಕೆ "ಪ್ಯಾಕಿಂಗ್ ಸರಿ ಇಲ್ಲ" ಅಂತ ಜಾರಿಕೊಳ್ಳಲು ಜಾಗ ಇಟ್ಟಿರುತ್ತಾರೆ. ಕುದುರೆ ಕಿವಿ ಮುರಿದ ಒಂದು ಕ್ಲೇಮಿನಲ್ಲಿ ಅದೇ ಆಯಿತು. ಇನ್‌ವಾಯ್ಸ್, ಹೊರಡಬ್ಬದ ಫೋಟೊ ಎಲ್ಲ ಕೊಟ್ಟರೂ ಪೈಸೆ ಬರಲಿಲ್ಲ. ಆಮೇಲೆ 3000 ದಾಟಿದ್ದಕ್ಕೆ ಮಾತ್ರ ವಿಮೆ. ಉಳಿದದ್ದಕ್ಕೆ ಪಾರ್ಸೆಲ್‌ಗೆ 5 ರೂಪಾಯಿ ನಾನೇ ಬೇರೆ ಖಾತೆಗೆ ಹಾಕುತ್ತೇನೆ. ತಿಂಗಳಿಗೆ ಸಾವಿರದ ಮೇಲೆ ಸೇರುತ್ತದೆ. ಒಡೆದದ್ದು, ಕಳೆದದ್ದು ಎಲ್ಲಕ್ಕೂ ಅದರಿಂದಲೇ ಹೊಸ ಬೊಂಬೆ ಕಳಿಸುತ್ತೇನೆ, ಇಲ್ಲಿತನಕ ಖಾತೆ ಬರಿದಾಗಿಲ್ಲ.