ನಲ್ಲಿ ಸೋರುತ್ತಿದೆ ಎಂದು ವಿದೇಶಿ ಮನೆಮಾಲೀಕರಿಗೆ ಬರೆಯುವ ಬಗೆ

ಹೊರದೇಶದಲ್ಲಿ ಬಾಡಿಗೆಗಿರುವವರು ಮಾಲೀಕರಿಗೆ ಬರಿಯ ‘ನಲ್ಲಿ ಕೆಟ್ಟಿದೆ’ ಎಂದು ಬರೆದರೆ, ಮರುಪ್ರಶ್ನೆಗಳಲ್ಲೇ ವಾರ ಕಳೆಯುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಮುಚ್ಚಿದ ಮೇಲೂ ಮೂತಿಯಿಂದ ತೊಟ್ಟಿಕ್ಕಿದರೆ ಸಾಮಾನ್ಯವಾಗಿ ಒಳಗಿನ ವಾಷರ್ ಅಥವಾ ಕಾರ್ಟ್ರಿಡ್ಜ್ ಸವೆದಿರುತ್ತದೆ. ಹಿಡಿಯ ಬುಡದಲ್ಲಿ ಜಿನುಗಿದರೆ ಅಲ್ಲಿನ ರಬ್ಬರ್ ಉಂಗುರ ಹಾಳಾಗಿರಬಹುದು. ಇಷ್ಟು ತಿಳಿದರೆ ಪ್ಲಂಬರ್ ಬೇಕಾದ ಬಿಡಿಭಾಗದೊಂದಿಗೇ ಬರಬಲ್ಲರು.

ಕೆಳಗಿನ ಒಕ್ಕಣೆಯನ್ನು ಮಾಲೀಕರ ಭಾಷೆಗೆ ಸುಲಭವಾಗಿ ತರಬಹುದು:

“ನಮಸ್ಕಾರ. ಅಡುಗೆಮನೆಯ ಸಿಂಕಿನ ನಲ್ಲಿಯನ್ನು ಪೂರ್ತಿ ಮುಚ್ಚಿದರೂ ಮೂತಿಯಿಂದ ನೀರು ತೊಟ್ಟಿಕ್ಕುತ್ತಿದೆ. ಮಾರ್ಚ್ 3ರಿಂದ ಹೀಗಾಗುತ್ತಿದ್ದು, ಗಂಟೆಗೆ ಸುಮಾರು ಒಂದು ಲೋಟ ನೀರು ಸೇರುತ್ತಿದೆ. ಬಳಸದಿರುವಾಗ ಸಿಂಕಿನ ಕೆಳಗಿನ ವಾಲ್ವ್ ಮುಚ್ಚಿಡುತ್ತಿದ್ದೇನೆ. ವಿಡಿಯೊ ಲಗತ್ತಿಸಿದ್ದೇನೆ. ದುರಸ್ತಿಗೆ ಮಾರ್ಚ್ 10, ಮಂಗಳವಾರ ಬೆಳಿಗ್ಗೆ ಅಥವಾ ಮಾರ್ಚ್ 12, ಗುರುವಾರ ಸಂಜೆ 5ರ ನಂತರ ಯಾರನ್ನಾದರೂ ಕಳುಹಿಸಲು ಸಾಧ್ಯವೇ? ಯಾವ ದಿನವೆಂದು ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ.”

ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ, ಏಕೆಂದರೆ 3/10 ಎಂಬುದು ಕೆಲವು ದೇಶಗಳಲ್ಲಿ ಮಾರ್ಚ್ 10, ಇನ್ನು ಕೆಲವೆಡೆ ಅಕ್ಟೋಬರ್ 3 ಆಗುತ್ತದೆ. ‘ಆದಷ್ಟು ಬೇಗ’ ಎನ್ನುವುದಕ್ಕಿಂತ ಎರಡು ದಿನಗಳನ್ನು ಮುಂದಿಡುವುದು ಮೇಲು. ಆರಿಸುವುದಷ್ಟೇ ಅವರ ಕೆಲಸವಾಗುತ್ತದೆ. ಫೋನಿನಲ್ಲಿ ಮಾತಾಡಿದ್ದರೂ ಇದನ್ನು ಬರಹದಲ್ಲಿ ಕಳುಹಿಸಿ, ಏಕೆಂದರೆ ಮುಂದೆ ನೀರಿನ ಬಿಲ್ಲಿನ ಬಗ್ಗೆಯೋ ಕೊಳೆತ ಕಪಾಟಿನ ಬಗ್ಗೆಯೋ ತಕರಾರು ಬಂದರೆ, ನೀವು ಯಾವಾಗ ತಿಳಿಸಿದಿರಿ ಎಂಬುದಕ್ಕೆ ದಾಖಲೆ ಇರುತ್ತದೆ.