ಒಂದು ಪದ, ಐದು ಬಿಂದುಗಳು: ಮುಕ್ತ ಗ್ರೂಪ್ ಕಲಿಸಿದ ನನ್ನ ಅನುಭವ

ಮುಕ್ತ ಗ್ರೂಪ್ ಪಾಠವನ್ನು ಹೆಚ್ಚಿನ ಪುಸ್ತಕಗಳು ಸಂಕ್ಷಿಪ್ತ ಪದಗಳಿಂದ ಆರಂಭಿಸುತ್ತವೆ. a, b ಮತ್ತು ಅವುಗಳ ವಿಲೋಮ a⁻¹, b⁻¹ ಎಂಬ ನಾಲ್ಕು ಅಕ್ಷರಗಳಿಂದ ಪದಗಳನ್ನು ಬರೆಯಬೇಕು. ಯಾವ ಅಕ್ಷರದ ಪಕ್ಕದಲ್ಲಿಯೂ ಅದರ ವಿಲೋಮ ಇರಬಾರದು. ಇಂಥ ಎರಡು ಪದಗಳನ್ನು ಗುಣಿಸಲು ಒಂದರ ಮುಂದೆ ಇನ್ನೊಂದನ್ನು ಬರೆದು, ಸೇರುವ ಜಾಗದಲ್ಲಿ ಅಳಿಸಬಹುದಾದದ್ದನ್ನೆಲ್ಲ ಅಳಿಸಬೇಕು. ಇಷ್ಟರವರೆಗೆ ಯಾರಿಗೂ ತೊಂದರೆಯಿಲ್ಲ. ಆಮೇಲೆ ಸಹವರ್ತನ ನಿಯಮವನ್ನು ಸಾಧಿಸಬೇಕು. ನಡುವಿನ ಪದ ಎಡಗಡೆಯೂ ಬಲಗಡೆಯೂ ಅಳಿಸಿಹೋಗಿ ಪೂರ್ತಿ ಮಾಯವಾಗುವ ಸಂದರ್ಭವೂ ಸೇರಿ, ಒಂದೊಂದೇ ಪ್ರಕರಣವನ್ನು ಬಿಡಿಸುತ್ತ ಹೋಗುವಷ್ಟರಲ್ಲಿ ತರಗತಿ ಮುಗಿದಿರುತ್ತದೆ.

ಕಾಸರಗೋಡಿನ ಕಾಲೇಜೊಂದರಲ್ಲಿ ಎರಡನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ನಾನು ಬೀಜಗಣಿತ ಕಲಿಸುತ್ತೇನೆ. ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆಗಳಿಂದ ಬಂದವರಿಗಾಗಿ ಸಂಜೆ ಕನ್ನಡದಲ್ಲಿಯೇ ಒಂದು ಪಾಠವಿರುತ್ತದೆ. ಅಲ್ಲಿ ನಾನು ಪುಸ್ತಕದ ಕ್ರಮವನ್ನು ತಿರುವಿ ಹಾಕುತ್ತೇನೆ. ಮೊದಲು ಸಾರ್ವತ್ರಿಕ ಗುಣ; ಸಂಕ್ಷಿಪ್ತ ಪದಗಳ ಅನನ್ಯತೆ ಆಮೇಲೆ, ಅದರ ಫಲವಾಗಿ.

ಮೊದಲಿಗೆ ಎಲ್ಲ ಪದಗಳನ್ನೂ ತೆಗೆದುಕೊಳ್ಳುತ್ತೇವೆ, ಸಂಕ್ಷಿಪ್ತವಾಗಿರಲಿ ಇಲ್ಲದಿರಲಿ. xx⁻¹ ರೂಪದ ಜೋಡಿಯನ್ನು ಅಳಿಸುವುದರಿಂದ ಅಥವಾ ಸೇರಿಸುವುದರಿಂದ ಒಂದು ಪದದಿಂದ ಇನ್ನೊಂದಕ್ಕೆ ಹೋಗಲು ಸಾಧ್ಯವಾದರೆ ಆ ಎರಡು ಪದಗಳು ಸಮಾನ. ಸಮಾನ ಪದಗಳ ಒಂದೊಂದು ವರ್ಗವೂ ನಮ್ಮ ಗ್ರೂಪಿನ ಒಂದೊಂದು ಸದಸ್ಯ. ಖಾಲಿ ಪದದ ವರ್ಗವೇ ಅನನ್ಯತಾಂಶ. ಗುಣಾಕಾರವೆಂದರೆ ಪದಗಳನ್ನು ಒಂದರ ಮುಂದೆ ಒಂದು ಬರೆಯುವುದು, ಅಷ್ಟೇ. ಮೂರು ಪದಗಳನ್ನು ಸಾಲಾಗಿ ಬರೆಯುವಾಗ ಆವರಣ ಎಲ್ಲಿದ್ದರೇನು, ಸಾಲು ಅದೇ. ಹೀಗೆ ಸಹವರ್ತನ ನಿಯಮ ಕೇಳದೆಯೇ ಕೈಗೆ ಬರುತ್ತದೆ.

ಇನ್ನು ಸಾರ್ವತ್ರಿಕ ಗುಣ. ಯಾವುದಾದರೂ ಒಂದು ಗ್ರೂಪ್ G ಇರಲಿ. a ಮತ್ತು b ಎಲ್ಲಿಗೆ ಹೋಗಬೇಕೆಂದು G ಯಲ್ಲಿ ಎರಡು ಸದಸ್ಯರನ್ನು ನಮಗೆ ಇಷ್ಟ ಬಂದಂತೆ ಆರಿಸಬಹುದು. ಆ ಆಯ್ಕೆಯನ್ನು ಪಾಲಿಸುವ ಹೋಮೋಮಾರ್ಫಿಸಂ ಇದ್ದೇ ಇರುತ್ತದೆ ಮತ್ತು ಅದು ಒಂದೇ ಒಂದು. ಸಾಧನೆ ಎರಡು ಸಾಲಿನದು. ಪದದ ಪ್ರತಿ ಅಕ್ಷರದ ಜಾಗದಲ್ಲಿ ಆರಿಸಿದ ಸದಸ್ಯವನ್ನಿಟ್ಟು G ಯಲ್ಲಿ ಗುಣಿಸಬೇಕು. xx⁻¹ ಅಳಿಸಿದರೆ ಬೆಲೆ ಬದಲಾಗುವುದಿಲ್ಲ, ಆದ್ದರಿಂದ ಸಮಾನ ಪದಗಳಿಗೆ ಒಂದೇ ಬೆಲೆ ಬರುತ್ತದೆ. ಅಕ್ಷರಗಳ ಬೆಲೆ ಗೊತ್ತಾದ ಮೇಲೆ ಪದದ ಬೆಲೆ ಬೇರೆಯಾಗಲು ದಾರಿಯೇ ಇಲ್ಲ, ಆದ್ದರಿಂದ ಅನನ್ಯ. ಇದು ಎಲ್ಲ ಗ್ರೂಪಿಗೂ ಇರುವ ಗುಣವಲ್ಲ. ℤ² ನಲ್ಲಿ (1,0), (0,1) ಎಂಬ ಎರಡನ್ನು S₃ ಯ (1 2), (1 2 3) ಗಳಿಗೆ ಕಳುಹಿಸಿ ನೋಡಿ. ಅಲ್ಲಿ ಕೂಡುವ ಕ್ರಮ ಬದಲಿಸಿದರೂ ಮೊತ್ತ ಒಂದೇ, ಇಲ್ಲಿ ಗುಣಿಸುವ ಕ್ರಮ ಬದಲಾದರೆ ಉತ್ತರವೇ ಬೇರೆ. ಹೋಮೋಮಾರ್ಫಿಸಂ ಹುಟ್ಟುವುದೇ ಇಲ್ಲ.

ಈ ಘಟ್ಟದಲ್ಲಿ ತರಗತಿಯಲ್ಲಿ ಒಳ್ಳೆಯ ಸಂದೇಹವೊಂದು ಏಳುತ್ತದೆ. "ಟೀಚರ್, ಜೋಡಿಗಳನ್ನು ಸೇರಿಸುವುದಕ್ಕೂ ಅವಕಾಶ ಇದೆಯಲ್ಲ. ಎಲ್ಲೋ ದೊಡ್ಡದಾಗಿ ಬೆಳೆಸಿ, ಆಮೇಲೆ ಬೇರೆ ರೀತಿಯಲ್ಲಿ ಅಳಿಸುತ್ತ ಬಂದರೆ aba⁻¹b⁻¹ ಕೂಡ ಖಾಲಿಯಾಗಿಬಿಡಬಹುದಲ್ಲವೇ?" ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದೆ. ಅಳಿಸಲು ಏನೂ ಕಾಣುವುದಿಲ್ಲ ಎಂದ ಮಾತ್ರಕ್ಕೆ ಅದು ಅನನ್ಯತಾಂಶವಲ್ಲವೆಂದು ಹೇಳಲು ಬರುವುದಿಲ್ಲ. ಇಲ್ಲಿ ಸಾರ್ವತ್ರಿಕ ಗುಣವೇ ಕೆಲಸಕ್ಕೆ ಬರುತ್ತದೆ: ಆ ಪದದ ಬೆಲೆ ಅನನ್ಯತಾಂಶ ಆಗದಂಥ ಒಂದು ಗ್ರೂಪನ್ನು ತೋರಿಸಿದರೆ ಸಾಕು. ಅಂಥ ಗ್ರೂಪನ್ನು ಪದದಿಂದಲೇ ಕಟ್ಟಬಹುದು.

ಪದದಲ್ಲಿ ನಾಲ್ಕು ಅಕ್ಷರ, ಆದ್ದರಿಂದ ಹಲಗೆಯ ಮೇಲೆ 1 ರಿಂದ 5 ರವರೆಗೆ ಐದು ಬಿಂದುಗಳನ್ನು ಸಾಲಾಗಿ ಇಡುತ್ತೇನೆ. a ಗೆ ಬಿಳಿ ಸೀಮೆಸುಣ್ಣ, b ಗೆ ಕೆಂಪು. ಫಂಕ್ಷನ್‌ಗಳಂತೆ ಬಲದಿಂದ ಎಡಕ್ಕೆ ಓದುತ್ತೇವೆ, ಒಂದೊಂದು ಅಕ್ಷರವೂ ಒಂದು ಬಿಂದು ಮುಂದಕ್ಕೆ ಒಯ್ಯಬೇಕು. b⁻¹ ಎಂಬುದು 1 ನ್ನು 2 ಕ್ಕೆ ಒಯ್ಯಬೇಕಾದರೆ, 2 ರಿಂದ 1 ಕ್ಕೆ ಕೆಂಪು ಬಾಣ. a⁻¹ ಎಂಬುದು 2 ನ್ನು 3 ಕ್ಕೆ ಒಯ್ಯಲು 3 ರಿಂದ 2 ಕ್ಕೆ ಬಿಳಿ ಬಾಣ. ಆಮೇಲೆ b ಗಾಗಿ 3 ರಿಂದ 4 ಕ್ಕೆ ಕೆಂಪು, a ಗಾಗಿ 4 ರಿಂದ 5 ಕ್ಕೆ ಬಿಳಿ. ಉಳಿದದ್ದನ್ನು ತುಂಬುವುದು ಸುಲಭ. ಕೆಂಪು ಬಾಣ ಹೊರಡದ ಬಿಂದುಗಳು 1, 4, 5. ಕೆಂಪು ಬಾಣ ಬಂದು ಮುಟ್ಟದ ಬಿಂದುಗಳು 2, 3, 5. ಎರಡೂ ಕಡೆ ಮೂರು ಮೂರು ಇರುವುದರಿಂದ ಹೇಗಾದರೂ ಜೋಡಿಸಬಹುದು. ನಾನು 1 ನ್ನು 2 ಕ್ಕೆ, 4 ನ್ನು 3 ಕ್ಕೆ, 5 ನ್ನು ಅಲ್ಲಿಯೇ ಇರಿಸುತ್ತೇನೆ. ಆಗ b = (1 2)(3 4). ಬಿಳಿಯದಕ್ಕೂ ಹೀಗೆಯೇ ಮಾಡಿದರೆ a = (2 3)(4 5). ಎರಡೂ S₅ ರ ಕ್ರಮಯೋಜನೆಗಳು. aba⁻¹b⁻¹ ಈಗ 1 ನ್ನು 2, 3, 4 ರ ಮೂಲಕ 5 ಕ್ಕೆ ಒಯ್ಯುತ್ತದೆ. 1 ನ್ನು ಕದಲಿಸಿದ್ದು ಅನನ್ಯತಾಂಶವಾಗಲಾರದು. ಎಷ್ಟು ಬೆಳೆಸಿ ಎಷ್ಟು ಅಳಿಸಿದರೂ ಈ ಪದ ಖಾಲಿಯಾಗದು.

ಪದ ಸಂಕ್ಷಿಪ್ತವಾಗಿಲ್ಲದಿದ್ದರೆ ಏನಾಗುತ್ತದೆ ಎಂದು ಅವರೇ ಮಾಡಿ ನೋಡಬೇಕು. bb⁻¹ ತೆಗೆದುಕೊಂಡರೆ, b⁻¹ ಗಾಗಿ 2 ರಿಂದ 1 ಕ್ಕೆ ಕೆಂಪು ಬಾಣ ಹಾಕಿ ಆಗಿದೆ. b ಗಾಗಿ ಅದೇ 2 ರಿಂದ 3 ಕ್ಕೆ ಇನ್ನೊಂದು ಕೆಂಪು ಬಾಣ ಬೇಕು. ಒಂದು ಬಿಂದುವಿನಿಂದ ಒಂದೇ ಬಣ್ಣದ ಎರಡು ಬಾಣಗಳು ಹೊರಟರೆ ಅದು ಫಂಕ್ಷನ್ ಅಲ್ಲ. b⁻¹b ಆದರೆ ಒಂದೇ ಬಿಂದುವಿಗೆ ಎರಡು ಕೆಂಪು ಬಾಣಗಳು ಬಂದು ಸೇರುತ್ತವೆ. ಒಂದು ಬಿಂದುವಿಗೆ ತಾಗುವುದು ಪಕ್ಕಪಕ್ಕದ ಎರಡು ಅಕ್ಷರಗಳು ಮಾತ್ರ, ಹಾಗಾಗಿ ಘರ್ಷಣೆಗೆ ಬೇರೆ ಕಾರಣವೇ ಇಲ್ಲ. ಪದವು ಸಂಕ್ಷಿಪ್ತವಾಗಿರಬೇಕೆಂಬ ಷರತ್ತು ಏಕೆ ಬೇಕೆಂದು ವಿದ್ಯಾರ್ಥಿಗಳಿಗೆ ಮನದಟ್ಟಾಗುವುದು ಈ ಬಾಣಗಳು ತಾಕಲಾಡಿದಾಗಲೇ ಎಂಬುದು ನನ್ನ ದೃಢ ಅಭಿಪ್ರಾಯ.

ಅನನ್ಯತೆಗೆ ಇನ್ನು ಒಂದೇ ಹೆಜ್ಜೆ. u, v ಎಂಬ ಎರಡು ಬೇರೆ ಬೇರೆ ಸಂಕ್ಷಿಪ್ತ ಪದಗಳು ಸಮಾನವೆಂದುಕೊಳ್ಳಿ. ಎರಡರ ಕೊನೆಯಲ್ಲಿ ಒಂದೇ ಆಗಿರುವ ಭಾಗವನ್ನು ಕತ್ತರಿಸಿದ ಮೇಲೆ ಉಳಿದದ್ದು u′, v′ ಆಗಿರಲಿ. ಆಗ u′v′⁻¹ ಸೇರುವ ಜಾಗದಲ್ಲಿಯೂ ಏನೂ ಅಳಿಯುವುದಿಲ್ಲ. ಅದು ಖಾಲಿಯಲ್ಲದ ಸಂಕ್ಷಿಪ್ತ ಪದ, ಆದರೂ ಅನನ್ಯತಾಂಶಕ್ಕೆ ಸಮಾನ. ಅದಕ್ಕೆ ಬಿಂದುಗಳನ್ನಿಟ್ಟು ಬಾಣ ಎಳೆದರೆ 1 ಕದಲುತ್ತದೆ. ವಿರೋಧಾಭಾಸ.

ಕ್ರಮಯೋಜನೆಗಳನ್ನು ಹೀಗೆ ದುಡಿಸಿಕೊಳ್ಳುವುದು ಹಳೆಯ ಉಪಾಯ. ವಾನ್ ಡೆರ್ ವೇರ್ಡನ್ 1948ರಲ್ಲಿ ಮುಕ್ತ ಗುಣಲಬ್ಧಗಳಿಗೆ ಇದನ್ನು ಬಳಸಿದ. ಅವನ ವಿಧಾನದಲ್ಲಿ ಬಿಂದುಗಳ ಜಾಗದಲ್ಲಿ ಸಂಕ್ಷಿಪ್ತ ಪದಗಳೇ ಇರುತ್ತವೆ, ಎಲ್ಲವೂ ಒಟ್ಟಿಗೆ. ಒಂದೊಂದು ಪದಕ್ಕೆ ಬೇಕಾದಷ್ಟೇ ಬಿಂದುಗಳನ್ನು ಇಡುವುದು ಎರಡನೆಯ ವರ್ಷದವರಿಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಪೂರ್ತಿ ಚಿತ್ರ ಹಲಗೆಯ ಮೇಲೆ ಹಿಡಿಯುತ್ತದೆ.

ಐದು ಬಿಂದುಗಳು ಬೇಕೇ ಬೇಕೆ ಎಂದು ಕೇಳುವವರಿದ್ದಾರೆ. ಈ ಪದಕ್ಕೆ ಬೇಡ. (1 2), (1 2 3) ಪರಿವರ್ತನೀಯವಲ್ಲದ ಕಾರಣ ಮೂರೇ ಬಿಂದುಗಳಲ್ಲಿ ಕೆಲಸ ಆಗುತ್ತದೆ. ಆದರೆ ಅದೇ ಆಯ್ಕೆಯಲ್ಲಿ abab ಪದದ ಬೆಲೆ ಅನನ್ಯತಾಂಶ, ಏಕೆಂದರೆ (1 2)(1 2 3) ಕೇವಲ ಎರಡು ಬಿಂದುಗಳನ್ನು ಅದಲುಬದಲು ಮಾಡುತ್ತದೆ, ಎರಡು ಸಲ ಮಾಡಿದರೆ ಮೊದಲಿನಂತೆ. ಅದರಿಂದ abab ಖಾಲಿ ಪದವೆಂದು ತೀರ್ಮಾನಿಸಬಾರದು. ಕದಲಿದರೆ ಸಾಕ್ಷಿ ಸಿಕ್ಕಿತು. ಕದಲದಿದ್ದರೆ ಆ ಆಯ್ಕೆಯಿಂದ ಏನೂ ತಿಳಿಯಲಿಲ್ಲ, ಅಷ್ಟೇ. ಎಲ್ಲ ಪದಗಳಿಗೂ ಒಂದೇ ಸೀಮಿತ ಗ್ರೂಪ್ ಸಾಲುವುದೂ ಇಲ್ಲ, ಏಕೆಂದರೆ n ಸದಸ್ಯರ ಗ್ರೂಪಿನಲ್ಲಿ aⁿ ಯಾವಾಗಲೂ ಅನನ್ಯತಾಂಶಕ್ಕೇ ಬಂದು ನಿಲ್ಲುತ್ತದೆ. ಮೇಲಿನ a = (2 3)(4 5) ಆಯ್ಕೆಯಲ್ಲಿ aa ಎಂಬ ಎರಡಕ್ಷರದ ಪದವೂ ಕದಲುವುದಿಲ್ಲ. ಅದಕ್ಕೆ ಹೊಸದಾಗಿ ಮೂರು ಬಿಂದುಗಳನ್ನಿಟ್ಟು, 1 ರಿಂದ 2 ಕ್ಕೆ, 2 ರಿಂದ 3 ಕ್ಕೆ ಬಿಳಿ ಬಾಣ ಎಳೆದು, 3 ನ್ನು 1 ಕ್ಕೆ ಸೇರಿಸಬೇಕು.